ಸ್ವಾಧೀನ ನೋಟಿಸು ಕನ್ನಡಕ್ಕೆ ಬರುವಾಗ: ಗೌರವ, ಕಟ್ಟುನಿಟ್ಟು ಮತ್ತು ಯಂತ್ರದ ಊಹೆ

ರಾಜ್ಯ ಸರ್ಕಾರದ ಕಚೇರಿಗಳ ಸೂಚನೆಗಳು ಕಲಬುರಗಿ ನಗರದಲ್ಲಿ ಬಹುಮಟ್ಟಿಗೆ ಕನ್ನಡದಲ್ಲೇ ಹುಟ್ಟುತ್ತವೆ. 1963ರ ಕರ್ನಾಟಕ ರಾಜಭಾಷಾ ಅಧಿನಿಯಮದ ತರುವಾಯ ಆಡಳಿತದ ಬರವಣಿಗೆಗೆ ಒಂದು ಕನ್ನಡ ಒಕ್ಕಣೆ ನೆಲೆಗೊಂಡಿದ್ದು, ತಹಶೀಲ್ದಾರರ ನೋಟಿಸನ್ನಾಗಲಿ ಪಾಲಿಕೆಯ ಪ್ರಕಟಣೆಯನ್ನಾಗಲಿ ಬರೆಯುವವರು ಇಂಗ್ಲಿಷ್ ಮೂಲವೊಂದನ್ನು ಎದುರಿಗಿಟ್ಟುಕೊಳ್ಳಬೇಕಾದ ಅಗತ್ಯವಿಲ್ಲ. ಕೇಂದ್ರದ ಕಾನೂನುಗಳ ಅಡಿಯಲ್ಲಿ ಬರುವ ನೋಟಿಸುಗಳ ಸ್ಥಿತಿ ಹಾಗಲ್ಲ. ಅವುಗಳ ನಮೂನೆ ಇಂಗ್ಲಿಷಿನಲ್ಲಿ ನಿಗದಿಯಾಗಿರುತ್ತದೆ, ಕನ್ನಡಕ್ಕೆ ಅವು ಅನುವಾದವಾಗಿಯೇ ಬರಬೇಕು, ಮತ್ತು ಈಚಿನ ವರ್ಷಗಳಲ್ಲಿ ಆ ಅನುವಾದದ ಮೊದಲ ಕರಡನ್ನು ಚಾಟ್‌ಬಾಟ್‌ನಿಂದ, ಎಂದರೆ ಟೈಪು ಮಾಡಿದ ಸೂಚನೆಗೆ ಉತ್ತರವಾಗಿ ಪಠ್ಯವನ್ನು ರಚಿಸಿಕೊಡುವ ಭಾಷಾ ಯಂತ್ರದಿಂದ, ಪಡೆಯುವುದು ಯಾರಿಗಾದರೂ ಸಾಧ್ಯವಾಗಿದೆ. ಹಾಗೆ ಪಡೆದ ಕರಡಿನಲ್ಲಿ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂಬುದನ್ನು ಒಂದೇ ಒಂದು ನೋಟಿಸನ್ನು ಹಿಡಿದು ನೋಡುವುದು ಈ ಅಧ್ಯಾಯದ ಉದ್ದೇಶ.

ಆ ನೋಟಿಸು ಬ್ಯಾಂಕುಗಳು ಹೊರಡಿಸುವ ಸ್ವಾಧೀನ ನೋಟಿಸು. ಬಾಕಿ ಉಳಿದ ಸಾಲಕ್ಕೆ ಅಡಮಾನವಾಗಿದ್ದ ಸ್ವತ್ತನ್ನು ನ್ಯಾಯಾಲಯದ ಮೊಕದ್ದಮೆಯಿಲ್ಲದೆ ಬ್ಯಾಂಕು ತನ್ನ ಸ್ವಾಧೀನಕ್ಕೆ ತೆಗೆದುಕೊಳ್ಳಲು ಅವಕಾಶ ಕೊಡುವ 2002ರ ಕಾಯ್ದೆಯನ್ನು ಬ್ಯಾಂಕಿನ ವಲಯದಲ್ಲಿ ಸರ್ಫೇಸಿ ಕಾಯ್ದೆ ಎಂದು ಕರೆಯುತ್ತಾರೆ. ಮೊದಲು ಬೇಡಿಕೆ ನೋಟಿಸನ್ನು ಕೊಟ್ಟು ಅರವತ್ತು ದಿನಗಳ ಕಾಲಾವಕಾಶ ನೀಡಿದ ಮೇಲೂ ಹಣ ಬಾರದಿದ್ದರೆ ಬ್ಯಾಂಕಿನ ಪ್ರಾಧಿಕೃತ ಅಧಿಕಾರಿ ಸ್ವತ್ತಿನ ಮೇಲೆ ಎದ್ದುಕಾಣುವ ಜಾಗದಲ್ಲಿ ಸ್ವಾಧೀನ ನೋಟಿಸನ್ನು ಅಂಟಿಸುತ್ತಾರೆ, ಮತ್ತು ಆ ಕಾಯ್ದೆಯಡಿ ರಚಿತವಾದ ನಿಯಮಗಳ 8ನೆಯ ನಿಯಮದಂತೆ ಏಳು ದಿನಗಳೊಳಗಾಗಿ ಅದನ್ನು ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸಬೇಕಾಗುತ್ತದೆ. ಅವುಗಳಲ್ಲಿ ಒಂದು ಆ ಪ್ರದೇಶದಲ್ಲಿ ಸಾಕಷ್ಟು ಪ್ರಸಾರವುಳ್ಳ ಸ್ಥಳೀಯ ಭಾಷೆಯ ಪತ್ರಿಕೆಯಾಗಿರಬೇಕು. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವಾದ್ದರಿಂದ ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ಇಂಥ ನೋಟಿಸು ಬಾರದು. ಆದರೆ ಕಮಲಾಪುರದಲ್ಲಿ ವಾಸವಿದ್ದು, ಮಗನ ವ್ಯಾಪಾರದ ಸಾಲಕ್ಕಾಗಿ ಕಲಬುರಗಿ ನಗರದಲ್ಲಿರುವ ಮನೆಯನ್ನು ಅಡ ಇಟ್ಟ ಹಿರಿಯರೊಬ್ಬರಿಗೆ ಬರಬಹುದು. ಮುಂದಿನ ವಿವರಣೆಗಾಗಿ ಅಂಥ ಒಂದು ಕಲ್ಪಿತ ಪ್ರಕರಣವನ್ನು ತೆಗೆದುಕೊಳ್ಳಲಾಗಿದೆ: ಬಾಕಿ 18,42,350 ರೂಪಾಯಿ, ಸಾಲಗಾರರು ತಂದೆ ಮತ್ತು ಮಗ, ಸ್ವತ್ತು ನಗರದ ಒಂದು ಮನೆ.

ನಿಯಮದಲ್ಲಿರುವ ಇಂಗ್ಲಿಷ್ ನಮೂನೆ ಚಿಕ್ಕದು, ಮೂರು ನಾಲ್ಕು ವಾಕ್ಯಗಳದು. ಕೆಳಗೆ ಸಹಿ ಮಾಡಿದ ಅಧಿಕಾರಿ ಇಂಥ ದಿನ ಬೇಡಿಕೆ ನೋಟಿಸು ಹೊರಡಿಸಿದ್ದರು ಎಂಬುದು ಮೊದಲ ಭಾಗ. ಸಾಲಗಾರರು ಹಣ ಕಟ್ಟದ ಕಾರಣ ಸ್ವತ್ತನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲಾಗಿದೆ ಎಂಬುದು ಎರಡನೆಯದು. ಆ ಸ್ವತ್ತಿನ ವ್ಯವಹಾರ ಮಾಡಬಾರದೆಂಬ ಎಚ್ಚರಿಕೆ ಮೂರನೆಯದು. ಸ್ವತ್ತನ್ನು ಬಿಡಿಸಿಕೊಳ್ಳಲು ಇರುವ ಅವಕಾಶವನ್ನು ಹೇಳುವ ಕಾಯ್ದೆಯ ಉಪಕಲಮಿನತ್ತ ಸಾಲಗಾರರ ಗಮನ ಸೆಳೆಯುವುದು ಕೊನೆಯದು. ನಂತರ ಸ್ವತ್ತಿನ ವಿವರ ಮತ್ತು ಚಕ್ಕುಬಂದಿ, ಎಂದರೆ ನಾಲ್ಕು ದಿಕ್ಕಿನ ಎಲ್ಲೆಗಳು.

ಇದನ್ನು ಚಾಟ್‌ಬಾಟ್‌ಗೆ ಕೊಟ್ಟು, ಬೇರೇನನ್ನೂ ತಿಳಿಸದೆ, ಕನ್ನಡಕ್ಕೆ ಅನುವಾದಿಸಲು ಹೇಳಿದಾಗ ಬರಬಹುದಾದ ಕರಡಿನಲ್ಲಿ ಎಚ್ಚರಿಕೆಯ ವಾಕ್ಯ ಸಾಮಾನ್ಯವಾಗಿ ಈ ಬಗೆಯದಾಗಿರುತ್ತದೆ: “ನಿರ್ದಿಷ್ಟವಾಗಿ ಸಾಲಗಾರ ಮತ್ತು ಸಾಮಾನ್ಯವಾಗಿ ಸಾರ್ವಜನಿಕರು ಆಸ್ತಿಯೊಂದಿಗೆ ವ್ಯವಹರಿಸದಂತೆ ಎಚ್ಚರಿಸಲಾಗುತ್ತದೆ ಮತ್ತು ಆಸ್ತಿಯೊಂದಿಗಿನ ಯಾವುದೇ ವ್ಯವಹಾರಗಳು ರೂ. 18,42,350 ಮೊತ್ತದ ಶುಲ್ಕಕ್ಕೆ ಒಳಪಟ್ಟಿರುತ್ತವೆ.” ಕಾಗುಣಿತ ತಪ್ಪಿಲ್ಲ, ವ್ಯಾಕರಣವೂ ಮೇಲ್ನೋಟಕ್ಕೆ ಸರಿಯಾಗಿದೆ, ಓದು ಎಲ್ಲಿಯೂ ತಡೆಯುವುದಿಲ್ಲ. ಈ ಸಲೀಸುತನವೇ ಅಪಾಯಕಾರಿ. ಹಿಂದಿನ ತಲೆಮಾರಿನ ಅನುವಾದ ಯಂತ್ರಗಳು ತಪ್ಪಿದಾಗ ವಾಕ್ಯವೇ ಮುರಿದು ಬಿದ್ದು ಓದುಗರಿಗೆ ಸಂಶಯ ಹುಟ್ಟಿಸುತ್ತಿತ್ತು, ಈಗಿನವು ತಪ್ಪಿದಾಗಲೂ ವಾಕ್ಯ ನೆಟ್ಟಗೆ ನಿಂತಿರುತ್ತದೆ. ಮೇಲಿನ ಒಂದೇ ವಾಕ್ಯದಲ್ಲಿ ನಾಲ್ಕು ಕಡೆ ನೋಟಿಸು ಜಾರಿದೆ, ಮತ್ತು ಆ ನಾಲ್ಕಕ್ಕೂ ಕಾರಣ ಬೇರೆಬೇರೆ.

ಕಾರಣಗಳನ್ನು ಅರಿಯಲು ಯಂತ್ರ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಚಾಟ್‌ಬಾಟ್‌ನ ಒಳಗಿರುವ ಭಾಷಾ ಮಾದರಿಯು ಪಠ್ಯವನ್ನು ಪದಗಳಾಗಿ ಅಲ್ಲ, ಟೋಕನ್ ಎಂಬ ತುಣುಕುಗಳಾಗಿ ಓದುತ್ತದೆ, ಮತ್ತು ಈವರೆಗಿನ ತುಣುಕುಗಳೆಲ್ಲವನ್ನೂ ನೋಡಿ ಮುಂದೆ ಬರಲು ಹೆಚ್ಚು ಸಂಭವವಿರುವ ತುಣುಕನ್ನು ಒಂದಾದ ಮೇಲೆ ಒಂದರಂತೆ ಆಯ್ದುಕೊಳ್ಳುತ್ತದೆ. ಯಾವ ತುಣುಕುಗಳು ಬೇಕೆಂಬುದು ಮಾದರಿಯನ್ನು ತರಬೇತುಗೊಳಿಸುವ ಮುನ್ನ ಭಾರೀ ಪಠ್ಯರಾಶಿಯಲ್ಲಿ ಯಾವ ಅಕ್ಷರಗಳು ಮತ್ತೆಮತ್ತೆ ಒಟ್ಟಿಗೆ ಬರುತ್ತವೆ ಎಂಬ ಎಣಿಕೆಯಿಂದ ತೀರ್ಮಾನವಾಗುತ್ತದೆ. ಇಂಗ್ಲಿಷ್ ಪಠ್ಯ ಅಪಾರವಾಗಿರುವುದರಿಂದ ‘ಪೊಸೆಷನ್’ ಎಂಬ ಇಂಗ್ಲಿಷ್ ಪದ ಇಡಿಯಾಗಿ ಒಂದೇ ತುಣುಕಾಗುವುದು ಸಹಜ. ಅದರ ಕನ್ನಡ ಸಮಾನಪದ ‘ಸ್ವಾಧೀನ’ದ ಕಥೆ ಬೇರೆ. ಕಣ್ಣಿಗೆ ಮೂರೇ ಅಕ್ಷರವಾಗಿ ಕಂಡರೂ ಕಂಪ್ಯೂಟರಿನ ಒಳಗೆ ಅದು ಸ, ಹಲಂತ ಚಿಹ್ನೆ, ವ, ದೀರ್ಘ, ಧ, ಈಕಾರ, ನ ಎಂಬ ಏಳು ಸಂಕೇತಗಳಾಗಿದ್ದು, ಯೂನಿಕೋಡ್‌ನ ಹೆಚ್ಚು ಬಳಕೆಯಲ್ಲಿರುವ ಸಂಕೇತೀಕರಣದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳು ಬೇಕಾಗುವುದರಿಂದ ಒಟ್ಟು 21 ಬೈಟುಗಳಾಗುತ್ತವೆ; ಹತ್ತು ಅಕ್ಷರಗಳ ಇಂಗ್ಲಿಷ್ ಪದಕ್ಕೆ ಹತ್ತೇ ಬೈಟು ಸಾಕು. ಕನ್ನಡ ಪಠ್ಯ ಕಡಿಮೆ ಇರುವ ಮಾದರಿಗಳಲ್ಲಿ ಈ ಪದ ಹಲವು ಚೂರುಗಳಾಗಿ ಒಡೆಯುತ್ತದೆ. ಹೊಸ ಮಾದರಿಗಳ ತುಣುಕುಪಟ್ಟಿಗಳು ಈ ವಿಷಯದಲ್ಲಿ ಸುಧಾರಿಸಿವೆಯಾದರೂ, ಕನ್ನಡದ ಪದಗಳು ಪ್ರತ್ಯಯಗಳನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಯುವ ಸ್ವಭಾವದವಾದ್ದರಿಂದ ‘ಸ್ವಾಧೀನಕ್ಕೊಳಪಡಿಸಿಕೊಂಡಿರುವುದರಿಂದ’ ಎಂಬಂಥ ರೂಪ ಯಾವ ಪಟ್ಟಿಯಲ್ಲೂ ಇಡಿಯಾಗಿ ಸಿಗಲಾರದು. ಗೌರವವಾಗಲಿ ಆಜ್ಞೆಯಾಗಲಿ ಕನ್ನಡದಲ್ಲಿ ವ್ಯಕ್ತವಾಗುವುದು ಈ ಬಾಲದ ಭಾಗದಲ್ಲೇ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಮೊದಲ ಜಾರುವಿಕೆ ಗೌರವದ್ದು. ಮೂಲದಲ್ಲಿ ‘ಬಾರೋವರ್’ ಎಂಬುದು ಗಂಡೂ ಅಲ್ಲ ಹೆಣ್ಣೂ ಅಲ್ಲ, ಹಿರಿದೂ ಅಲ್ಲ ಕಿರಿದೂ ಅಲ್ಲ. ಇಂಗ್ಲಿಷ್ ಕ್ರಿಯಾಪದ ಅದನ್ನು ಕೇಳುವುದೂ ಇಲ್ಲ. ಕನ್ನಡ ಕೇಳಿಯೇ ಕೇಳುತ್ತದೆ. ಸಾಲಗಾರ, ಸಾಲಗಾರನು, ಸಾಲಗಾರ್ತಿ, ಸಾಲಗಾರರು ಇವುಗಳಲ್ಲಿ ಒಂದನ್ನು ಆರಿಸದೆ ವಾಕ್ಯ ಮುಗಿಯುವುದಿಲ್ಲ, ಮತ್ತು ಆರಿಸಿದ ಮೇಲೆ ಕ್ರಿಯಾಪದದ ಕೊನೆಯವರೆಗೂ ಆ ಆಯ್ಕೆಗೆ ಬದ್ಧವಾಗಿರಬೇಕು. ಮೂಲದಲ್ಲಿ ಇಲ್ಲದ ಮಾಹಿತಿಯನ್ನು ಯಂತ್ರ ಎಲ್ಲಿಂದಲಾದರೂ ತುಂಬಬೇಕಾಗಿ ಬಂದಾಗ ತರಬೇತಿಯ ಪಠ್ಯದಲ್ಲಿ ಹೆಚ್ಚಾಗಿ ಕಂಡದ್ದನ್ನೇ ತುಂಬುತ್ತದೆ; ನಿಘಂಟಿನ ರೂಪವಾದ ಏಕವಚನ ಪುಲ್ಲಿಂಗ ಆಗ ಸುಲಭವಾಗಿ ಒದಗಿಬರುತ್ತದೆ. ಹೀಗಾಗಿ ಕರಡಿನಲ್ಲಿ ‘ಸಾಲಗಾರ’ ಒಂಟಿಯಾಗಿ ನಿಂತು, ಅವನ ಪಕ್ಕದಲ್ಲೇ ‘ಸಾರ್ವಜನಿಕರು’ ಬಹುವಚನದ ಗೌರವದೊಂದಿಗೆ ನಿಂತಿದ್ದಾರೆ. ಪತ್ರಿಕೆಯಲ್ಲಿ ಹೆಸರು ಅಚ್ಚಾಗುವುದೇ ಕುಟುಂಬವೊಂದಕ್ಕೆ ದೊಡ್ಡ ಪೆಟ್ಟು; ಅದರ ಮೇಲೆ ಎಪ್ಪತ್ತು ದಾಟಿದ ಹಿರಿಯರನ್ನು ‘ಸಾಲಗಾರನು ವಿಫಲನಾದ್ದರಿಂದ’ ಎಂದು ಬರೆದರೆ ಮೂಲದ ನೋಟಿಸಿನಲ್ಲಿ ಇಲ್ಲದ ಅವಮಾನವನ್ನು ಅನುವಾದ ತಾನಾಗಿ ಸೇರಿಸಿದಂತಾಗುತ್ತದೆ. ಇಲ್ಲಿ ‘ವಿಫಲ’ ಎಂಬ ಪದವೂ ಇಂಗ್ಲಿಷ್ ರೂಢಿಯ ನೆರಳು. ಹಣ ಕಟ್ಟದಿರುವುದನ್ನು ಕನ್ನಡದ ಕಚೇರಿ ಬರಹ ಸೋಲು ಎಂದು ಕರೆಯುವುದಿಲ್ಲ. ‘ಸಾಲಗಾರರು ಸದರಿ ಮೊತ್ತವನ್ನು ಮರುಪಾವತಿಸದೆ ಇರುವುದರಿಂದ’ ಎಂದಷ್ಟೇ ಹೇಳುತ್ತದೆ.

ಎರಡನೆಯದು ಕ್ರಿಯಾಪದದ ಕೊನೆಯಲ್ಲಿದೆ, ಮತ್ತು ಇದು ಅನುಭವಿ ಓದುಗರ ಕಣ್ಣನ್ನೂ ತಪ್ಪಿಸಿಕೊಳ್ಳಬಲ್ಲದು. ‘ಎಚ್ಚರಿಸಲಾಗುತ್ತದೆ’ ಎಂಬುದು ವಾಡಿಕೆಯನ್ನು ವರ್ಣಿಸುವ ಮಾತು. ಪ್ರವೇಶದ್ವಾರದಲ್ಲಿ ಚೀಟಿ ನೋಡಲಾಗುತ್ತದೆ ಎಂದಂತೆ. ‘ಎಚ್ಚರಿಸಲಾಗುವುದು’ ಮುಂದೆ ಆಗಲಿರುವುದು. ನೋಟಿಸು ಮಾಡುವ ಕೆಲಸ ಇವೆರಡೂ ಅಲ್ಲ. ಆ ಮಾತನ್ನು ಅಚ್ಚು ಹಾಕುವುದೇ ಎಚ್ಚರಿಕೆ ಕೊಡುವ ಕ್ರಿಯೆ. ಭಾಷಾಶಾಸ್ತ್ರದಲ್ಲಿ ಇಂಥ ಮಾತನ್ನು ಕ್ರಿಯಾರೂಪಿ ಉಕ್ತಿ ಎನ್ನಬಹುದು, ಎಂದರೆ ಹೇಳಿದೊಡನೆ ಕೆಲಸ ನಡೆದುಹೋಗುವ ಉಕ್ತಿ. ಇಂಗ್ಲಿಷಿನಲ್ಲಿ ಈ ಭಾರವನ್ನು ‘ಹಿಯರ್‌ಬೈ’ ಎಂಬ ಪದ ಹೊರುತ್ತದೆ. ಕನ್ನಡದ ಆಡಳಿತ ಬರಹದಲ್ಲಿ ‘ಈ ಮೂಲಕ’ ಎಂಬ ಪದದ ಜೊತೆಗೆ ‘-ಲಾಗಿದೆ’ ಎಂಬ ರೂಪ ಅದನ್ನು ಹೊರುತ್ತದೆ: ಆದೇಶಿಸಲಾಗಿದೆ, ಸೂಚಿಸಲಾಗಿದೆ, ಎಚ್ಚರಿಕೆ ನೀಡಲಾಗಿದೆ. ಇಂಗ್ಲಿಷಿನ ಕ್ರಿಯಾಪದ ವರ್ತಮಾನದಲ್ಲಿರುವುದರಿಂದ ಯಂತ್ರವೂ ವರ್ತಮಾನವನ್ನೇ ಕೊಡುತ್ತದೆ, ಮತ್ತು ನೋಟಿಸು ಕೊಟ್ಟಂತೆಯೂ ಆಯಿತು ಕೊಡದಂತೆಯೂ ಆಯಿತು ಎಂಬ ಸ್ಥಿತಿ ಉಂಟಾಗುತ್ತದೆ.

ಈ ಎರಡು ಜಾರುವಿಕೆಗಳನ್ನು ಕಂಡವರು ಸಾಮಾನ್ಯವಾಗಿ ಮಾಡುವ ಮೊದಲ ಪ್ರಯತ್ನವೆಂದರೆ ಚಾಟ್‌ಬಾಟ್‌ಗೆ ‘ಗೌರವಯುತವಾಗಿ ಅನುವಾದಿಸು’ ಎಂದು ಹೇಳುವುದು. ಆಗ ಬರುವ ಎರಡನೆಯ ಕರಡಿನಲ್ಲಿ ಸಾಲಗಾರನು ‘ಮಾನ್ಯ ಸಾಲಗಾರರು’ ಆಗುತ್ತಾರೆ. ಅದರ ಜೊತೆಗೇ ‘ದಯವಿಟ್ಟು ಈ ಆಸ್ತಿಯ ವ್ಯವಹಾರ ಮಾಡದಿರಲು ವಿನಂತಿಸುತ್ತೇವೆ’ ಎಂದು ಎಚ್ಚರಿಕೆ ಕೋರಿಕೆಯಾಗಿ ಬದಲಾಗುತ್ತದೆ. ಇದು ಇಡೀ ಸಮಸ್ಯೆಯ ಹೃದಯಭಾಗ. ಕನ್ನಡದಲ್ಲಿ ಗೌರವವೂ ಮಾತಿನ ಬಿಗಿಯೂ ಎರಡು ಬೇರೆ ಬೇರೆ ಸಂಗತಿಗಳು, ಒಂದನ್ನು ಏರಿಸಿದರೆ ಇನ್ನೊಂದು ಇಳಿಯಬೇಕೆಂಬ ನಿಯಮವಿಲ್ಲ. ಯಾರನ್ನು ಕುರಿತು ಹೇಳುತ್ತಿದ್ದೇವೆ ಎಂಬುದು ನೀನು, ನೀವು, ತಾವು, ಅವನು, ಅವರು ಎಂಬ ಮೆಟ್ಟಿಲುಗಳಲ್ಲಿ ತೀರ್ಮಾನವಾದರೆ, ಎಷ್ಟು ಬಿಗಿಯಾಗಿ ಹೇಳುತ್ತಿದ್ದೇವೆ ಎಂಬುದು ಕೋರಲಾಗಿದೆ, ಸೂಚಿಸಲಾಗಿದೆ, ಮಾಡಬೇಕು, ಮಾಡತಕ್ಕದ್ದು, ಮಾಡಕೂಡದು ಎಂಬ ಇನ್ನೊಂದು ಸಾಲಿನಲ್ಲಿ ತೀರ್ಮಾನವಾಗುತ್ತದೆ. ‘ತಾವು ಏಳು ದಿನಗಳೊಳಗೆ ಹಾಜರಾಗತಕ್ಕದ್ದು’ ಎಂಬ ವಾಕ್ಯದಲ್ಲಿ ಅತ್ಯುನ್ನತ ಗೌರವವೂ ಅತಿ ಬಿಗಿಯಾದ ಆಜ್ಞೆಯೂ ಒಟ್ಟಿಗೆ ಇವೆ, ಮತ್ತು ಕನ್ನಡ ಓದುಗರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಸರ್ವನಾಮಕ್ಕೆ ಇಂಥ ಮೆಟ್ಟಿಲುಗಳಿಲ್ಲದ ಕಾರಣ ಸೌಜನ್ಯವೆಂದರೆ ಮಾತನ್ನು ಮೆತ್ತಗಾಗಿಸುವುದು ಎಂದೇ ಬಹುಮಟ್ಟಿಗೆ ಅರ್ಥ. ಇಂಗ್ಲಿಷ್ ಪಠ್ಯವನ್ನೇ ಹೆಚ್ಚಾಗಿ ಓದಿ ಬೆಳೆದ ಮಾದರಿ ಗೌರವ ಎಂಬ ಪದವನ್ನು ಕಂಡಾಗ ಮೆತ್ತಗಾಗಿಸುವತ್ತ ವಾಲುವುದು ಇದರಿಂದ ನಿರೀಕ್ಷಿತವೇ.

‘-ಲಾಗಿದೆ’ ಮತ್ತು ‘-ತಕ್ಕದ್ದು’ ಎಂಬ ಎರಡು ರೂಪಗಳಲ್ಲಿ ಕ್ರಿಯಾಪದಕ್ಕೆ ಎದುರಿಗಿರುವವರ ಪುರುಷ, ಲಿಂಗ, ವಚನ ಯಾವುದೂ ಅಂಟುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಆಜ್ಞಾರ್ಥಕದ ‘ಮಾಡು, ಮಾಡಿರಿ’ ಎಂಬ ರೂಪಗಳಲ್ಲಿ ಎದುರಿಗಿರುವವರ ಸ್ಥಾನಮಾನವನ್ನು ಹೇಳಲೇಬೇಕಾಗುತ್ತದೆ. ‘ಮಾಡತಕ್ಕದ್ದು’ ಎಂದಾಗ ಹೇಳಬೇಕಾಗಿಲ್ಲ. ಯಾರನ್ನೂ ಕೀಳುಮಾಡದೆ ಎಲ್ಲರಿಗೂ ಒಂದೇ ಬಿಗಿಯಲ್ಲಿ ಆದೇಶ ಕೊಡಲು ಕಚೇರಿಯ ಕನ್ನಡಕ್ಕೆ ಸಿಕ್ಕ ಸಾಧನವಿದು. ಕಚೇರಿ ಭಾಷೆ ನಿರ್ಜೀವ ಎಂಬ ದೂರು ಸುಳ್ಳಲ್ಲವಾದರೂ, ಈ ಒಂದು ಗುಣಕ್ಕಾಗಿ ಅದಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಂದಿಲ್ಲ.

ಉಳಿದ ಎರಡು ಜಾರುವಿಕೆಗಳು ಪದಗಳವು. ‘ಆಸ್ತಿಯೊಂದಿಗೆ ವ್ಯವಹರಿಸು’ ಎಂಬುದರಲ್ಲಿ ಇಂಗ್ಲಿಷಿನ ‘ಡೀಲ್ ವಿತ್’ ನೇರವಾಗಿ ಇಳಿದಿದೆ. ಕನ್ನಡದಲ್ಲಿ ಮನುಷ್ಯರೊಂದಿಗೆ ವ್ಯವಹರಿಸಬಹುದು, ಮನೆಯೊಂದಿಗೆ ಸಾಧ್ಯವಿಲ್ಲ, ಮನೆಯ ಬಗ್ಗೆ ವ್ಯವಹಾರ ಮಾಡಬಹುದು. ಇದಾದರೂ ಅರ್ಥಕ್ಕೆ ಹೆಚ್ಚು ಹಾನಿ ಮಾಡದ ತಪ್ಪು. ‘ಶುಲ್ಕ’ ಮಾಡುವ ಹಾನಿ ದೊಡ್ಡದು. ಮೂಲದಲ್ಲಿರುವ ‘ಚಾರ್ಜ್’ ಎಂಬ ಪದಕ್ಕೆ ಇಂಗ್ಲಿಷಿನಲ್ಲೇ ಶುಲ್ಕ, ಆರೋಪ, ಅಧಿಕಾರ ವಹಿಸಿಕೊಳ್ಳುವುದು, ವಿದ್ಯುದಾವೇಶ ಎಂಬೆಲ್ಲ ಅರ್ಥಗಳಿವೆ. ಇಲ್ಲಿರುವುದು ಸ್ವತ್ತಿನ ಮೇಲೆ ಸಾಲದ ಹಕ್ಕು ಕೂತಿರುವುದು ಎಂಬ ಅರ್ಥ. ಪಕ್ಕದಲ್ಲೇ ರೂಪಾಯಿಯ ಮೊತ್ತ ಬಂದಿರುವುದರಿಂದ ಸಂಭವದ ಲೆಕ್ಕದಲ್ಲಿ ಶುಲ್ಕ ಎಂಬ ಅರ್ಥ ಮುಂದೆ ಬರುತ್ತದೆ. ಕನ್ನಡ ಕಾನೂನು ಬರಹದಲ್ಲಿ ಇದಕ್ಕೆ ಋಣಭಾರ ಎಂಬ ಪದವಿದೆ. ಕಲಬುರಗಿ ಸೀಮೆಯ ಜನ ಅದನ್ನು ಬೋಜಾ ಎನ್ನುತ್ತಾರೆ: ಸಾಲ ತೆಗೆದಾಗ ಪಹಣಿಯಲ್ಲಿ ಬೋಜಾ ಏರುತ್ತದೆ, ತೀರಿಸಿದಾಗ ಇಳಿಯುತ್ತದೆ.

ಈ ಪದದ ಹಿಂದೆ ಪ್ರದೇಶದ ಇತಿಹಾಸವಿದೆ. 1948ರವರೆಗೆ ಕಲಬುರಗಿ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಕನ್ನಡ ನಾಡಿನೊಂದಿಗೆ ಸೇರಿತು. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದುವಾಗಿದ್ದುದರಿಂದ ಜಮೀನು, ಜಾಮೀನು, ದಸ್ತಾವೇಜು, ವಾರಸಾ, ಕಬ್ಜಾ, ಜಪ್ತಿ ಎಂಬ ಪಾರಸಿ-ಅರಬಿ ಮೂಲದ ಪದಗಳು ಇಲ್ಲಿನ ಕನ್ನಡದಲ್ಲಿ ಇನ್ನಷ್ಟು ಆಳವಾಗಿ ಬೇರುಬಿಟ್ಟಿವೆ. ಚಾಟ್‌ಬಾಟ್ ಕೊಡುವ ಕನ್ನಡ ಬಹುಮಟ್ಟಿಗೆ ಪತ್ರಿಕೆಗಳ ಮತ್ತು ಅಂತರಜಾಲದ ಸಂಸ್ಕೃತಭೂಯಿಷ್ಠ ಕನ್ನಡ. ಹಾಗೆಂದು ಎಲ್ಲೆಡೆ ಆಡುಮಾತಿನ ಪದವನ್ನೇ ಹಾಕಬೇಕೆಂದೇನಿಲ್ಲ. ಕಬ್ಜಾ ಎಂಬುದಕ್ಕೆ ಅತಿಕ್ರಮಣದ ವಾಸನೆಯೂ ಇರುವುದರಿಂದ ಬ್ಯಾಂಕು ತನ್ನ ನೋಟಿಸಿನಲ್ಲಿ ಅದನ್ನು ಬಳಸಲಾಗದು, ಸ್ವಾಧೀನವೇ ಸರಿ. ಜಪ್ತಿಯಂತೂ ಕಾನೂನಿನಲ್ಲಿ ಬೇರೆಯೇ ಕ್ರಮ. ಆದರೆ ಋಣಭಾರದ ಪಕ್ಕದಲ್ಲಿ ಒಮ್ಮೆ ಬೋಜಾ ಎಂದು ಸೇರಿಸಿದರೆ ನಷ್ಟವೇನೂ ಇಲ್ಲ. ಕಾಯ್ದೆಯ ‘ಸೆಕ್ಷನ್’ ಎಂಬುದಕ್ಕೆ ಅಧಿಕೃತ ಕನ್ನಡ ಪಠ್ಯಗಳಲ್ಲಿ ‘ಪ್ರಕರಣ’ ಎಂಬ ಪದವಿದೆ. ಸಾಮಾನ್ಯ ಓದುಗರಿಗೆ ಪ್ರಕರಣವೆಂದರೆ ಕೋರ್ಟಿನ ಕೇಸು, ಹಾಗಾಗಿ ‘13ನೆಯ ಪ್ರಕರಣ’ ಎಂದೊಡನೆ ತಮ್ಮ ಮೇಲೆ ಹದಿಮೂರು ಕೇಸುಗಳಿವೆಯೇ ಎಂಬ ಗಾಬರಿ ಹುಟ್ಟಬಹುದು. ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ ‘ಕಲಂ 13(4)’ ಎಂಬುದು ಇಲ್ಲಿ ಹೆಚ್ಚು ಸುರಕ್ಷಿತ. ಕೊನೆಯ ವಾಕ್ಯದ ‘ರಿಡೀಮ್’ ಎಂಬುದಕ್ಕೆ ಯಂತ್ರ ಕೊಡುವ ‘ವಿಮೋಚನೆ’ಯನ್ನು ಹೊಡೆದುಹಾಕಿ ‘ಬಿಡಿಸಿಕೊಳ್ಳುವುದು’ ಎಂದು ಬರೆಯಬಹುದು. ಅಡವಿಟ್ಟ ಒಡವೆಯನ್ನು ಬಿಡಿಸಿಕೊಂಡು ಬರುವ ಪ್ರತಿ ಮನೆಗೂ ಆ ಮಾತು ಗೊತ್ತು, ಮತ್ತು ಕಾನೂನಿನ ಅರ್ಥವೂ ನಿಖರವಾಗಿ ಅದೇ.

ಹಾಗಾದರೆ ಯಂತ್ರಕ್ಕೆ ಏನು ಹೇಳಬೇಕು? ಹಳೆಯ ಅನುವಾದ ತಂತ್ರಾಂಶಕ್ಕೂ ಚಾಟ್‌ಬಾಟ್‌ಗೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಮೊದಲನೆಯದಕ್ಕೆ ಪಠ್ಯವನ್ನಷ್ಟೇ ಕೊಡಬಹುದು, ಎರಡನೆಯದಕ್ಕೆ ಸಂದರ್ಭವನ್ನೂ ಕೊಡಬಹುದು. ಮೂಲದಲ್ಲಿ ಇಲ್ಲದ, ಆದರೆ ಕನ್ನಡ ಕೇಳುವ ಮಾಹಿತಿಯನ್ನೆಲ್ಲ ಮೊದಲೇ ಒದಗಿಸುವುದರಿಂದ ಊಹೆಯ ಅವಕಾಶ ಕುಗ್ಗುತ್ತದೆ. ಈ ನೋಟಿಸಿನ ಮಟ್ಟಿಗೆ ಸೂಚನೆ ಹೀಗಿರಬಹುದು: “ಇದು ಬ್ಯಾಂಕಿನ ಅಧಿಕಾರಿ ಇಬ್ಬರು ಸಾಲಗಾರರಿಗೂ ಸಾರ್ವಜನಿಕರಿಗೂ ಪತ್ರಿಕೆಯ ಮೂಲಕ ಕೊಡುವ ಕಾನೂನುಬದ್ಧ ನೋಟಿಸು. ಸಾಲಗಾರರನ್ನು ಉದ್ದಕ್ಕೂ ‘ಸಾಲಗಾರರು’ ಎಂದೇ ಬರೆಯಬೇಕು. ಎಚ್ಚರಿಕೆಯನ್ನು ಕೋರಿಕೆಯಾಗಿ ಮಾರ್ಪಡಿಸಬಾರದು, ‘ದಯವಿಟ್ಟು’ ಸೇರಿಸಬಾರದು. ನೋಟಿಸು ನೀಡುವ ಕ್ರಿಯಾಪದಗಳು ‘-ಲಾಗಿದೆ’ ಎಂದು ಕೊನೆಗೊಳ್ಳಬೇಕು. ಚಾರ್ಜ್ ಎಂದರೆ ಋಣಭಾರ, ಪೊಸೆಷನ್ ಎಂದರೆ ಸ್ವಾಧೀನ, ಸೆಕ್ಷನ್ ಎಂದರೆ ಕಲಂ, ರಿಡೀಮ್ ಎಂದರೆ ಬಿಡಿಸಿಕೊಳ್ಳುವುದು. ಮೂಲದಲ್ಲಿ ಇಲ್ಲದ ಯಾವ ಮಾಹಿತಿಯನ್ನೂ ಸೇರಿಸಬಾರದು.” ಈ ಪದಪಟ್ಟಿ ಅಲಂಕಾರವಲ್ಲ. ಮುಂದಿನ ತುಣುಕನ್ನು ಆರಿಸುವಾಗ ಚಾಟ್‌ಬಾಟ್‌ಗಳು ಸಾಮಾನ್ಯವಾಗಿ ಸ್ವಲ್ಪ ಆಕಸ್ಮಿಕತೆಗೆ ಎಡೆಗೊಡುವುದರಿಂದ ಅದೇ ನೋಟಿಸನ್ನು ಎರಡು ಸಲ ಕೊಟ್ಟರೆ ಒಮ್ಮೆ ಸ್ವಾಧೀನ, ಇನ್ನೊಮ್ಮೆ ವಶ ಎಂದು ಬರಬಹುದು. ಒಂದೇ ನೋಟಿಸಿನೊಳಗೆ ಎರಡೂ ಬಂದರೆ ಎರಡು ಬೇರೆ ಕ್ರಮಗಳೆಂದು ಓದಲು ಆಸ್ಪದವಾಗುತ್ತದೆ. ಇದಕ್ಕಿಂತಲೂ ಹೆಚ್ಚು ಕೆಲಸಕ್ಕೆ ಬರುವುದು, ಒಬ್ಬ ಒಳ್ಳೆಯ ಅನುವಾದಕರು ಹಿಂದೆ ಮಾಡಿದ ಇದೇ ಬಗೆಯ ನೋಟಿಸಿನ ಕನ್ನಡ ಪಠ್ಯವನ್ನು ಮಾದರಿಯಾಗಿ ಸೂಚನೆಯ ಜೊತೆಗೆ ಕೊಡುವುದು. ಗೌರವ ಮತ್ತು ಬಿಗಿಯ ಹದವನ್ನು ವಿವರಿಸುವುದಕ್ಕಿಂತ ತೋರಿಸುವುದು ಸುಲಭ.

ಪಠ್ಯವನ್ನು ಕೊಡುವ ಮುನ್ನ ಹೆಸರು, ಖಾತೆಯ ಸಂಖ್ಯೆ, ಮನೆಯ ನಂಬರುಗಳನ್ನು ತೆಗೆದು ಅವುಗಳ ಜಾಗದಲ್ಲಿ ‘ಹೆಸರು-1’, ‘ಖಾತೆ-1’ ಎಂಬ ಗುರುತುಗಳನ್ನು ಇಡಬೇಕು. ನೋಟಿಸು ನಾಳೆ ಪತ್ರಿಕೆಯಲ್ಲಿ ಬರುವುದೇ ಆದರೂ ಅದು ಪ್ರಕಟವಾಗುವ ಮೊದಲು ಬೇರೊಂದು ಕಂಪನಿಯ ಕಂಪ್ಯೂಟರಿಗೆ ಹೋಗಬೇಕಾದ ಕಾರಣವಿಲ್ಲ. ಹೀಗೆ ಮಾಡಿದಾಗ ಕನ್ನಡದಲ್ಲಿ ಒಂದು ತೊಡಕು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಗುರುತನ್ನು ತೆಗೆದು ಹೆಸರನ್ನು ಹಾಕಿದರೆ ಮುಗಿಯಿತು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿನ ಕೊನೆಯ ಅಕ್ಷರವನ್ನು ನೋಡಿಕೊಂಡು ರೂಪ ಬದಲಿಸುತ್ತದೆ, ಗಂಡಸಿನ ಹೆಸರಿಗೆ ‘-ನಿಗೆ’ ಅಥವಾ ‘-ಗೆ’, ಹೆಂಗಸಿನ ಹೆಸರಿಗೆ ‘-ಳಿಗೆ’ ಅಥವಾ ‘-ಗೆ’ ಬರುತ್ತದೆ. ಪರಿಹಾರ ಕಚೇರಿ ಕನ್ನಡದಲ್ಲೇ ಸಿದ್ಧವಾಗಿದೆ. ‘ಶ್ರೀ ಹೆಸರು-1 ಅವರಿಗೆ’, ‘ಶ್ರೀಮತಿ ಹೆಸರು-2 ಅವರ’ ಎಂದು ಬರೆದಾಗ ಪ್ರತ್ಯಯಗಳೆಲ್ಲ ‘ಅವರು’ ಎಂಬ ಪದಕ್ಕೆ ಅಂಟಿಕೊಂಡು ಹೆಸರು ಮುಟ್ಟದೆ ಉಳಿಯುತ್ತದೆ, ಗೌರವವೂ ತಾನಾಗಿ ಸಲ್ಲುತ್ತದೆ.

ಊರುಗಳ ಹೆಸರನ್ನು ಮಾತ್ರ ಹಾಗೆಯೇ ಬಿಟ್ಟು ಕಣ್ಣಿಟ್ಟಿರಬೇಕು. ಕಲಬುರಗಿ ಎಂಬ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಅಡಮಾನ ಪತ್ರದಲ್ಲಿ ಗುಲ್ಬರ್ಗಾ ಎಂದೇ ಇರುತ್ತದೆ, ಸ್ವತ್ತಿನ ವಿವರದಲ್ಲಿ ಅದನ್ನು ಯಂತ್ರ ಸದ್ದಿಲ್ಲದೆ ತಿದ್ದಿಬಿಟ್ಟರೆ ದಾಖಲೆಗೂ ನೋಟಿಸಿಗೂ ಹೊಂದಿಕೆ ತಪ್ಪುತ್ತದೆ. ಕಮಲಾಪುರಗಳೂ ಹಲವಿವೆ, ಹಂಪಿಯ ಪಕ್ಕದ ಕಮಲಾಪುರ ಹೆಚ್ಚು ಪ್ರಸಿದ್ಧವಾದ್ದರಿಂದ, ವಿಳಾಸವನ್ನು ಪೂರ್ತಿಗೊಳಿಸಲು ಯಂತ್ರಕ್ಕೆ ಬಿಟ್ಟರೆ ಹುಮನಾಬಾದ್ ರಸ್ತೆಯ ಕಮಲಾಪುರ ವಿಜಯನಗರ ಜಿಲ್ಲೆಗೆ ಸೇರಿಹೋಗುವ ಸಾಧ್ಯತೆ ಇಲ್ಲದಿಲ್ಲ.

ಹೀಗೆ ತಿದ್ದಿ ಪಡೆದ ಎಚ್ಚರಿಕೆಯ ವಾಕ್ಯ ಕೊನೆಗೆ ಈ ರೂಪಕ್ಕೆ ಬರುತ್ತದೆ: “ಸದರಿ ಸ್ವತ್ತಿನ ಬಗ್ಗೆ ಯಾವುದೇ ವ್ಯವಹಾರ ಮಾಡಕೂಡದೆಂದು ವಿಶೇಷವಾಗಿ ಸಾಲಗಾರರಿಗೂ ಸಾಮಾನ್ಯವಾಗಿ ಸಾರ್ವಜನಿಕರಿಗೂ ಈ ಮೂಲಕ ಎಚ್ಚರಿಕೆ ನೀಡಲಾಗಿದೆ, ಹಾಗೆ ಮಾಡುವ ಯಾವುದೇ ವ್ಯವಹಾರವು ರೂ. 18,42,350 ಮತ್ತು ಅದರ ಮೇಲಿನ ಬಡ್ಡಿಯ ಬಾಬ್ತು ಬ್ಯಾಂಕಿಗೆ ಇರುವ ಋಣಭಾರಕ್ಕೆ (ಬೋಜಾ) ಒಳಪಟ್ಟಿರುತ್ತದೆ.” ‘ಮಾರುವುದು, ಕೊಳ್ಳುವುದು’ ಎಂದು ಬಿಡಿಸಿ ಬರೆದಿದ್ದರೆ ಇನ್ನೂ ಸರಳವಾಗುತ್ತಿತ್ತು ಎನಿಸಬಹುದು, ಆದರೆ ಮೂಲದ ಮಾತು ಬಾಡಿಗೆ, ಭೋಗ್ಯ, ದಾನಗಳನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದ್ದು, ಎರಡನ್ನು ಹೆಸರಿಸಿದರೆ ಉಳಿದವು ಹೊರಗುಳಿದವೆಂಬ ವಾದಕ್ಕೆ ಎಡೆಯಾಗುತ್ತದೆ. ಮೊದಲ ಕರಡಿನಲ್ಲಿ ಆ ನಾಲ್ಕು ಜಾರುವಿಕೆಗಳ ಜೊತೆಗೆ ಮೂಲದ ‘ಮತ್ತು ಬಡ್ಡಿ’ ಎಂಬ ಭಾಗವೇ ಬಿಟ್ಟುಹೋಗಿತ್ತು ಎಂಬುದನ್ನೂ ಓದುಗರು ಗಮನಿಸಿರಬಹುದು. ಉದ್ದವಾಕ್ಯಗಳ ತುದಿಯಲ್ಲಿ ನೇತಾಡುವ ಇಂಥ ಚಿಕ್ಕ ತುಂಡುಗಳೇ ಬಿಟ್ಟುಹೋಗುವುದು ಹೆಚ್ಚು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕಾದ್ದರಿಂದ ಇಂಗ್ಲಿಷ್ ವಾಕ್ಯದ ಬಾಲವನ್ನು ಕನ್ನಡ ವಾಕ್ಯದ ನಡುವಿಗೆ ಎತ್ತಿ ತರಬೇಕು, ಆ ಸಾಗಣೆಯಲ್ಲಿ ಅವು ಉದುರುತ್ತವೆ.

ಯಾರು ಯಾರಿಗೆ ಏನು ಮಾಡಿದರು ಎಂಬ ಮೂಲ ಸಂಬಂಧವೇ ಆ ಸಾಗಣೆಯಲ್ಲಿ ತಲೆಕೆಳಗಾಗಬಹುದು ಎಂಬುದಕ್ಕೆ ಕರ್ನಾಟಕದ್ದೇ ನಿದರ್ಶನವಿದೆ. 2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ಅವರು ನಿಧನರಾದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಅಂತಿಮ ದರ್ಶನ ಪಡೆದ ಕನ್ನಡ ಸುದ್ದಿಯನ್ನು ಮೆಟಾ ಸಂಸ್ಥೆಯ ಸ್ವಯಂಚಾಲಿತ ಅನುವಾದವು ಇಂಗ್ಲಿಷಿಗೆ ತರುವಾಗ ಮುಖ್ಯಮಂತ್ರಿಯವರೇ ನಿಧನರಾದರೆಂಬ ಅರ್ಥ ಬರುವಂತೆ ಕೊಟ್ಟಿತು. ಅವರು ಬಹಿರಂಗವಾಗಿ ಆಕ್ಷೇಪಿಸಿದ ಮೇಲೆ ಸಂಸ್ಥೆ ಕ್ಷಮೆ ಕೇಳಿ ದೋಷವನ್ನು ಸರಿಪಡಿಸಿತು. ಅಲ್ಲಿ ದಿಕ್ಕು ಕನ್ನಡದಿಂದ ಇಂಗ್ಲಿಷಿಗೆ, ಇಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ. ಪರೀಕ್ಷಿಸಬೇಕಾದ ಸಂಗತಿ ಒಂದೇ.

ಪರೀಕ್ಷೆಯ ಒಂದು ವಿಧಾನ, ಕನ್ನಡ ಪಠ್ಯವನ್ನಷ್ಟೇ ಹೊಸ ಸಂವಾದವೊಂದರಲ್ಲಿ ಕೊಟ್ಟು ಇಂಗ್ಲಿಷಿಗೆ ಮರಳಿಸಿ ಮೂಲದ ಜೊತೆ ಹೋಲಿಸುವುದು. ಬಿಟ್ಟುಹೋದ ಭಾಗಗಳು, ತಪ್ಪಿದ ಅಂಕಿಗಳು, ‘ಒಳಗೆ’ ಎಂಬುದು ‘ನಂತರ’ ಆಗಿರುವುದು ಇದರಲ್ಲಿ ಸಿಕ್ಕಿಬೀಳುತ್ತವೆ. ಆದರೆ ಗೌರವದ ತಪ್ಪು ಸಿಕ್ಕಿಬೀಳುವುದಿಲ್ಲ: ‘ಸಾಲಗಾರನು’ ಎಂದಿದ್ದರೂ ‘ಸಾಲಗಾರರು’ ಎಂದಿದ್ದರೂ ಇಂಗ್ಲಿಷಿಗೆ ಮರಳಿದಾಗ ಎರಡೂ ‘ಬಾರೋವರ್’ ಆಗಿ ಒಂದೇ ಬಣ್ಣಕ್ಕೆ ತಿರುಗುತ್ತವೆ. ಅದನ್ನು ಹಿಡಿಯಲು ಕನ್ನಡದ ಕಿವಿಯೇ ಬೇಕು, ಅದರಲ್ಲೂ ನೋಟಿಸು ಯಾರ ಕೈಗೆ ತಲುಪಬೇಕೋ ಅಂಥವರ ಕಿವಿ.

ಎರಡನೆಯ ವಿಧಾನ ಆದ್ದರಿಂದ ಹೆಚ್ಚು ನಂಬತಕ್ಕದ್ದು. ಪಠ್ಯವನ್ನು ಕಮಲಾಪುರದಂಥ ಊರಿನ ಒಬ್ಬರಿಗೆ ಓದಲು ಕೊಟ್ಟು, ಅದರಲ್ಲಿ ಏನಿದೆ ಎಂದು ಮನೆಯ ಹಿರಿಯರಿಗೆ ತಮ್ಮ ಮಾತಿನಲ್ಲಿ ಹೇಳಲು ಕೇಳುವುದು. ಮೊದಲ ಕರಡನ್ನು ಓದಿದವರ ಬಾಯಲ್ಲಿ ಅದು ಹೀಗೆ ಬರುತ್ತದೆ: “ಆ ಮನಿ ಯಾರರೆ ತಗೊಂಡ್ರ ಹದಿನೆಂಟು ಲಕ್ಷ ಫೀ ಕಟ್ಟಬೇಕಂತ್ರಿ.” ಶುಲ್ಕ ಎಂಬ ಪದ ಮಾಡಿದ ಅನರ್ಥ ಯಾವ ವಿಶ್ಲೇಷಣೆಯೂ ಇಲ್ಲದೆ ಇಲ್ಲಿ ಬಯಲಾಗುತ್ತದೆ. ತಿದ್ದಿದ ಪಠ್ಯವನ್ನು ಓದಿದವರು ಹೇಳುವುದು ಬೇರೆ: “ಅಪ್ಪಾರ, ಶಹರದಾಗಿನ ನಮ್ಮ ಮನಿ ಬ್ಯಾಂಕಿನವರು ಕಬ್ಜಾ ತಗೊಂಡಾರಂತ್ರಿ. ಇನ್ನ ಯಾರೂ ಅದರ ವ್ಯವಹಾರ ಮಾಡಂಗಿಲ್ಲಂತ, ಮಾಡಿದ್ರೂ ಬೋಜಾ ಹೋಗಂಗಿಲ್ಲಂತ್ರಿ.” ಸ್ವಾಧೀನ ಕಬ್ಜಾ ಆಗಿದೆ, ‘ಮಾಡಕೂಡದು’ ಎಂಬುದು ‘ಮಾಡಂಗಿಲ್ಲ’ ಆಗಿದೆ, ಎಚ್ಚರಿಕೆಯ ಬಿಗಿ ಕಡಿಮೆಯಾಗಿಲ್ಲ, ಲಿಖಿತ ಕನ್ನಡದ ‘ಅವರು’ ಹೊತ್ತಿದ್ದ ಗೌರವ ಕಲಬುರಗಿಯ ಮಾತಿನಲ್ಲಿ ವಾಕ್ಯದ ಕೊನೆಯ ‘ರಿ’ಗೆ ವರ್ಗವಾಗಿದೆ.

ಇದನ್ನು ಕೇಳಿದ ಹಿರಿಯರು ಮುಂದೆ ಕೇಳುವ ಪ್ರಶ್ನೆಯನ್ನು ಊಹಿಸುವುದು ಕಷ್ಟವಲ್ಲ: “ಬಿಡಿಸ್ಕೊಳ್ಳಾಕ ಇನ್ನಾ ಎಷ್ಟ ದಿನ ಅದಾವಂತ?” ಇದಕ್ಕೆ ನೋಟಿಸಿನಲ್ಲಿ ಉತ್ತರವಿಲ್ಲ. ಮೂಲ ನಮೂನೆ ಕಲಂ 13(8)ನ್ನು ತೋರಿಸಿ ಸುಮ್ಮನಾಗುತ್ತದೆ, ಮತ್ತು ಆ ಕಲಮೂ ದಿನಗಳ ಲೆಕ್ಕ ಹೇಳುವುದಿಲ್ಲ. 2016ರ ತಿದ್ದುಪಡಿಯ ನಂತರ ಅದು, ಹರಾಜು ಅಥವಾ ಟೆಂಡರಿನ ನೋಟಿಸು ಪ್ರಕಟವಾಗುವ ದಿನಕ್ಕೆ ಮುಂಚೆ ಬಾಕಿಯನ್ನೂ ಖರ್ಚನ್ನೂ ಪೂರ್ತಿ ಕಟ್ಟಿದರೆ ಸ್ವತ್ತನ್ನು ಮಾರುವಂತಿಲ್ಲ ಎನ್ನುತ್ತದೆ. ಅದೇ ಪ್ರಶ್ನೆಯನ್ನು ಚಾಟ್‌ಬಾಟ್‌ಗೆ ಕೇಳಿದರೆ, ಅಥವಾ ಅನುವಾದವನ್ನು ‘ಜನರಿಗೆ ಅರ್ಥವಾಗುವಂತೆ’ ಮಾಡಲು ಹೇಳಿದರೆ, ಬೇರೆ ನೋಟಿಸುಗಳಲ್ಲಿ ಪದೇಪದೇ ಕಾಣುವ ಮೂವತ್ತೋ ಅರವತ್ತೋ ದಿನಗಳನ್ನು ಅದು ಖಚಿತವಾದ ಧಾಟಿಯಲ್ಲಿ ಸೇರಿಸಿಬಿಡುವ ಸಂಭವವಿದೆ, ಮತ್ತು ಆ ಅಂಕಿಯನ್ನು ನಂಬಿ ಕುಳಿತವರು ಮನೆಯನ್ನು ಕಳೆದುಕೊಳ್ಳಬಹುದು. ಅನುವಾದಕರು ಆ ಜಾಗದಲ್ಲಿ ‘ಕಲಂ 13(8)ರಲ್ಲಿ ಹೇಳಿರುವ ಅವಕಾಶದ ಕಡೆಗೆ ಸಾಲಗಾರರ ಗಮನ ಸೆಳೆಯಲಾಗಿದೆ’ ಎಂದಷ್ಟೇ ಬರೆದು, ಹರಾಜಿನ ಪ್ರಕಟಣೆ ಯಾವಾಗ ಬರಲಿದೆ ಎಂಬುದನ್ನು ನೋಟಿಸಿಗೆ ಸಹಿ ಮಾಡಿದ ಅಧಿಕಾರಿಯಿಂದಲೇ ಕೇಳಿ ತಿಳಿಯಬೇಕೆಂದು ಆ ಮನೆಯವರಿಗೆ ಬೇರೆಯಾಗಿ ಹೇಳಬೇಕಾಗುತ್ತದೆ.